ಕ್ಲೇಮ್‌ನಲ್ಲಿ ಕಟ್ ಆದ ದುಡ್ಡನ್ನೆಲ್ಲ ಪೇಷೆಂಟ್ ಹೆಸರಿಗೆ ಹಾಕಬಹುದಾ?

ಸುಮಾ_ಕೌಂಟರ್

ನಾನು ಒಂದು ಸಣ್ಣ ಕ್ಲಿನಿಕ್‌ನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಇಬ್ಬರು ಡಾಕ್ಟರು, ಒಂದು ಮೈನರ್ ಓಟಿ, ಒಳಗೇ ಲ್ಯಾಬ್. ಇನ್ಶೂರೆನ್ಸ್ ಕಂಪನಿಯಿಂದಲೇ ನೇರವಾಗಿ ದುಡ್ಡು ತಗೊಳ್ಳುವ ಕ್ಯಾಶ್‌ಲೆಸ್ ಶುರು ಮಾಡಿ ಹೆಚ್ಚು ದಿನ ಆಗಿಲ್ಲ, ಹಾಗಾಗಿ ಕೇಳಿ ಕೇಳಿ ಕಲಿಯುತ್ತಿದ್ದೇನೆ.

ಒಬ್ಬರಿಗೆ ಕುರು ಕೊಯ್ದು ಕೀವು ತೆಗೆದದ್ದು. ಬಿಲ್ 10,000 (ಲೆಕ್ಕಕ್ಕೆ ಸುಲಭ ಆಗಲಿ ಅಂತ ಅಂಕಿಗಳನ್ನು ರೌಂಡ್ ಮಾಡಿದ್ದೇನೆ). ಕನ್ಸಲ್ಟೇಷನ್ 1,000, ಪ್ರೊಸೀಜರ್ 6,000, ಲ್ಯಾಬ್ 2,000, ಸಾಮಾನು 1,000. ಇನ್ಶೂರೆನ್ಸ್‌ನವರು 6,480ಕ್ಕೆ ಸೆಟ್ಲ್ ಮಾಡಿದರು. ಉಳಿದ 3,520 ಡಿಸ್‌ಅಲೌ. ಪೇಷೆಂಟ್ ಮೊದಲೇ 500 ಅಡ್ವಾನ್ಸ್ ಕಟ್ಟಿದ್ದರು.

ನಾನು ಮಾಡಿದ್ದಿಷ್ಟು. ಸಾಫ್ಟ್‌ವೇರ್‌ನಲ್ಲಿ ಪೇಷೆಂಟ್ ಹೆಸರಿಗೆ 3,520ರ ಹೊಸ ಬಿಲ್ ಹಾಕಿದೆ, ಅಡ್ವಾನ್ಸ್ ಕಳೆದೆ, 3,020 ಕೊಡಿ ಅಂತ ಫೋನ್ ಮಾಡಿದೆ. ಅವರು ರೇಗಿಬಿಟ್ಟರು. "ಕ್ಯಾಶ್‌ಲೆಸ್ ಅಂದ್ರಿ, ಈಗ ಎರಡು ತಿಂಗಳಾದ ಮೇಲೆ ಇದೇನು" ಅಂತ. ಅವರು ಬೈದದ್ದಕ್ಕಿಂತ ನನಗೆ ತಲೆ ಕೆಟ್ಟಿದ್ದು ತಿಂಗಳ ಕೊನೆಗೆ. ಈ ಒಬ್ಬ ಪೇಷೆಂಟ್‌ನಿಂದ ಆದಾಯ 13,520 ಅಂತ ತೋರಿಸುತ್ತಿದೆ, ಇನ್ಶೂರೆನ್ಸ್ ಅಕೌಂಟ್‌ನಲ್ಲೂ 3,520 ಬಾಕಿ ಹಾಗೇ ನಿಂತಿದೆ. ಎಲ್ಲಿ ತಪ್ಪಿದೆ?

ಲೆಕ್ಕದಯ್ಯ

ಹೊಸ ಬಿಲ್ ಹಾಕಿದ್ದೇ ತಪ್ಪು. ಮಾಡಿದ ಕೆಲಸ ಒಂದೇ, ಅದಕ್ಕೆ ಎರಡು ಸಲ ಬಿಲ್ ಮಾಡಿದರೆ ಆದಾಯ ಎರಡು ಸಲ ಬರದೆ ಇನ್ನೇನಾಗುತ್ತೆ? ಇಲ್ಲಿ ಹೊಸದಾಗಿ ಏನೂ ಮಾರಿಲ್ಲ. ದುಡ್ಡು ಕೊಡಬೇಕಾದವರು ಬದಲಾದರು, ಅಷ್ಟೇ. ಆ ಬಿಲ್ ಕ್ಯಾನ್ಸಲ್ ಮಾಡಿ ಒಂದು ಜರ್ನಲ್ ಎಂಟ್ರಿ ಹಾಕಿ. ಪೇಷೆಂಟ್‌ಗೆ ಡೆಬಿಟ್ 3,520, ಇನ್ಶೂರೆನ್ಸ್‌ಗೆ ಕ್ರೆಡಿಟ್ 3,520. ಮುಗಿಯಿತು.

ಪೇಷೆಂಟ್ ರೇಗಿದರೆ ರೇಗಲಿ. ಇನ್ಶೂರೆನ್ಸ್ ಕೊಡದೇ ಇದ್ದದ್ದನ್ನು ನಾನು ಕಟ್ಟುತ್ತೇನೆ ಅಂತ ಶುರುವಿನಲ್ಲೇ ಸೈನ್ ಮಾಡಿರುತ್ತಾರೆ, ಅಲ್ವಾ.

ಮೂರನೇ_ಪಾಳಿ

ಲೆಕ್ಕದಯ್ಯನವರೇ, ಎಂಟ್ರಿ ಹಾಕುವ ದಾರಿ ಸರಿ, ಮೊತ್ತ ಸರಿ ಅಂತ ಯಾರು ಹೇಳಿದ್ದು?

ನಾನು ರಾತ್ರಿ ಪಾಳಿಯಲ್ಲಿ ಅಮೆರಿಕದ ಕ್ಲಿನಿಕ್‌ಗಳ ಬಿಲ್ಲಿಂಗ್ ಮಾಡುತ್ತೇನೆ. ಅಲ್ಲಿ ಕಟ್ ಆದ ಪ್ರತಿ ಮೊತ್ತದ ಮುಂದೆ ಎರಡು ಅಕ್ಷರ ಇರುತ್ತೆ. CO ಅಂದರೆ ಒಪ್ಪಂದದ ಪ್ರಕಾರ ಕ್ಲಿನಿಕ್ಕೇ ಬಿಟ್ಟುಕೊಡಬೇಕಾದ ದುಡ್ಡು. PR ಅಂದರೆ ಪೇಷೆಂಟ್ ಕೊಡಬೇಕಾದದ್ದು. ಅಕ್ಷರದ ಹಿಂದೆ ಒಂದು ನಂಬರ್, ಅದು ಕಾರಣ. CO-45 ಅಂದರೆ ನಿಮ್ಮ ರೇಟು ಒಪ್ಪಿದ ರೇಟಿಗಿಂತ ಜಾಸ್ತಿ. PR-3 ಅಂದರೆ ಕೋಪೇ, ಪಾಲಿಸಿ ಪ್ರಕಾರ ಪೇಷೆಂಟ್ ತನ್ನ ಕೈಯಿಂದ ಕೊಡಬೇಕಾದ ಪಾಲು. ಕೆಲಸಕ್ಕೆ ಸೇರಿದ ಮೊದಲ ವಾರ ನಮಗೆ ತಲೆಗೆ ತುಂಬಿದ್ದು ಒಂದೇ ಮಾತು. PR ನೋಡದೆ ಪೇಷೆಂಟ್‌ಗೆ ಸ್ಟೇಟ್‌ಮೆಂಟ್ ಕಳಿಸಬೇಡಿ.

ಎಲ್ಲ ಕಡೆ ಈ ಕೋಡ್ ಇರುವುದಿಲ್ಲ, ಗೊತ್ತು. ಆದರೆ ಸೆಟ್ಲ್‌ಮೆಂಟ್ ಲೆಟರ್‌ನಲ್ಲಿ ರಿಮಾರ್ಕ್ಸ್ ಅಂತ ಏನಾದರೂ ಬರೆದೇ ಇರುತ್ತಾರೆ. ಸುಮಾ ಅವರೇ, ಅದನ್ನು ಸಾಲು ಸಾಲಾಗಿ ಇಲ್ಲಿ ಹಾಕಿ.

ಗಿರೀಶ್_ಎಂ

ಕ್ಲೇಮ್ ರಿಜೆಕ್ಟ್ ಮಾಡೋದು ಇವರಿಗೆ ಚಾಳಿಯಾಗಿದೆ. ಕಂಪನಿ ಮೇಲೆ ಲಿಖಿತವಾಗಿ ದೂರು ಕೊಡಿ ಮೇಡಂ. ಪಾಲಿಸಿ ತಗೊಳ್ಳುವಾಗ ಇದ್ದ ಕಾಯಿಲೆ ಮುಚ್ಚಿಟ್ಟಿಲ್ಲ ಅಂತ ಸರ್ಟಿಫಿಕೇಟ್ ಜೊತೆಗೆ ಇಡಿ.

ಸುಮಾ_ಕೌಂಟರ್

ಗಿರೀಶ್ ಸರ್, ರಿಜೆಕ್ಟ್ ಆಗಿಲ್ಲ. ಸ್ವಲ್ಪ ಕಟ್ ಮಾಡಿ ಉಳಿದದ್ದು ಕೊಟ್ಟಿದ್ದಾರೆ. ನಾನು ಪೇಷೆಂಟೂ ಅಲ್ಲ 🙂

ಲೆಟರ್‌ನ ಮೊದಲ ಪುಟದಲ್ಲಿ ಮೊತ್ತ ಮಾತ್ರ ಇತ್ತು, ನಾನು ನೋಡಿದ್ದು ಅಷ್ಟೇ. ಎರಡನೇ ಪುಟದಲ್ಲಿ ಇರುವುದು ಹೀಗೆ. ಕನ್ಸಲ್ಟೇಷನ್ ಪೂರ್ತಿ ಒಪ್ಪಿದ್ದಾರೆ. ಪ್ರೊಸೀಜರ್ 6,000ದಲ್ಲಿ 5,000 ಒಪ್ಪಿ, 1,000ದ ಮುಂದೆ "ಒಪ್ಪಿದ ಟಾರಿಫ್‌ಗಿಂತ ಹೆಚ್ಚು" ಅಂತ ಹಾಕಿದ್ದಾರೆ. ಲ್ಯಾಬ್ 2,000ದಲ್ಲಿ 1,200 ಒಪ್ಪಿ, 800ಕ್ಕೆ "ರಿಪೋರ್ಟ್ ಲಗತ್ತಿಸಿಲ್ಲ". ಸಾಮಾನು 1,000 ಪೂರ್ತಿ "ಕೊಡಲಾಗದು". ಕೊನೆಗೆ ಕೋಪೇ 720.

ಹಳೇ_ರಿಜಿಸ್ಟರ್

ಹದಿನೈದು ವರ್ಷ ಕ್ಲೇಮ್ ಡೆಸ್ಕ್‌ನಲ್ಲಿ ಕೂತಿದ್ದೇನೆ. ಈ 3,520 ನೋಡಲು ಒಂದೇ ಮೊತ್ತ, ಒಳಗಡೆ ನಾಲ್ಕು ಬೇರೆ ಬೇರೆ ವ್ಯವಹಾರ ಇದೆ. ಒಂದೊಂದಾಗಿ ಬಿಡಿಸುತ್ತೇನೆ.

ಮೊದಲು ಪ್ರೊಸೀಜರ್‌ನ 1,000. ನೀವು ಆ ಕಂಪನಿಯ ನೆಟ್‌ವರ್ಕ್‌ಗೆ ಸೇರುವಾಗ ಈ ಕೆಲಸಕ್ಕೆ ಇಷ್ಟೇ ರೇಟು ಅಂತ ಪಟ್ಟಿಗೆ ಸೈನ್ ಮಾಡಿರುತ್ತೀರಿ. ಅದರಲ್ಲಿ 5,000 ಇರುತ್ತೆ. ನೀವು ನಗದು ಪೇಷೆಂಟ್‌ಗೆ ಹಾಕುವ 6,000ವನ್ನೇ ಇಲ್ಲೂ ಹಾಕಿದ್ದೀರಿ. ಆ ಹೆಚ್ಚಿನ 1,000 ನಿಮಗೆ ಬರಬೇಕಾದ ದುಡ್ಡೇ ಅಲ್ಲ. ಕಂಪನಿಯಿಂದಲೂ ಬರಬೇಕಿಲ್ಲ, ಪೇಷೆಂಟ್‌ನಿಂದಲೂ ಬರಬೇಕಿಲ್ಲ. ನೆಟ್‌ವರ್ಕ್ ಒಪ್ಪಂದಗಳಲ್ಲಿ ಈ ವ್ಯತ್ಯಾಸವನ್ನು ಪೇಷೆಂಟ್ ಹತ್ತಿರ ಕೇಳುವ ಹಾಗಿಲ್ಲ ಅಂತಲೇ ಸಾಮಾನ್ಯವಾಗಿ ಬರೆದಿರುತ್ತಾರೆ. ನಿಮ್ಮ ಪ್ರತಿ ತೆಗೆದು ಓದಿ.

ಕೋಪೇ ಸುಲಭ, ಅದು ಪೇಷೆಂಟ್‌ದೇ. ಆದರೂ ಸುಮ್ನೆ ನಂಬಬೇಡಿ, ಲೆಕ್ಕ ಹಾಕಿ ನೋಡಿ. ಒಪ್ಪಿದ್ದು 1,000, 5,000, 1,200, ಒಟ್ಟು 7,200. ಅದರ 10 ಪರ್ಸೆಂಟ್ 720. ಸರಿಯಾಗಿದೆ. ಕೋಪೇ ಹಾಕಬೇಕಾದದ್ದು ಒಪ್ಪಿದ ಮೊತ್ತದ ಮೇಲೆ. ಇಡೀ ಬಿಲ್ ಮೇಲೆ 1,000 ಹಿಡಿದುಬಿಡುವ ಕೌಂಟರ್‌ಗಳನ್ನು ನಾನು ಕಂಡಿದ್ದೇನೆ.

ಲ್ಯಾಬ್‌ನ 800 ಇನ್ನೂ ತೀರ್ಮಾನ ಆಗಿಲ್ಲ. "ರಿಪೋರ್ಟ್ ಲಗತ್ತಿಸಿಲ್ಲ" ಅಂದರೆ ಕೊಡುವುದಿಲ್ಲ ಅಂತ ಅಲ್ಲ, ಕಾಗದ ತನ್ನಿ ಅಂತ. ರಿಪೋರ್ಟ್ ಇಟ್ಟು ಮತ್ತೆ ಕಳಿಸಿ. ಅಲ್ಲಿಯವರೆಗೆ ಅದು ಇನ್ಶೂರೆನ್ಸ್ ಅಕೌಂಟ್‌ನಲ್ಲೇ ಬಾಕಿ ಇರಲಿ.

ಇನ್ನು ಸಾಮಾನಿನ 1,000. ಇಲ್ಲಿ ನನಗೆ ಅನುಮಾನ ಇದೆ. "ಕೊಡಲಾಗದು" ಅನ್ನೋ ಒಂದೇ ಮಾತನ್ನು ಎರಡು ಅರ್ಥಕ್ಕೆ ಬಳಸುತ್ತಾರೆ. ಪಾಲಿಸಿಯಲ್ಲೇ ಇದು ಬರುವುದಿಲ್ಲ ಅನ್ನೋದು ಒಂದು. ಪ್ರೊಸೀಜರ್ ರೇಟಿನಲ್ಲೇ ಇದೂ ಸೇರಿದೆ, ಬೇರೆಯಾಗಿ ಕೊಡುವುದಿಲ್ಲ ಅನ್ನೋದು ಇನ್ನೊಂದು. ಮೊದಲನೆಯದಾದರೆ ಪೇಷೆಂಟ್ ಕೊಡಬೇಕು, ಎರಡನೆಯದಾದರೆ ನೀವು ಬಿಡಬೇಕು. ಸಾಮಾನಿನ ಪಟ್ಟಿಯಲ್ಲಿ ಏನೇನಿತ್ತು ಹೇಳಿ.

ಮೂರನೇ_ಪಾಳಿ

+1. ನಮ್ಮಲ್ಲಿ ಅದೇ CO-97, ಬೇರೆ ಕೆಲಸದ ದುಡ್ಡಿನಲ್ಲೇ ಸೇರಿಹೋಗಿದೆ ಅಂತ. ಹೊಸಬರು ಅದನ್ನು ಪಾಲಿಸಿಯಲ್ಲಿ ಇಲ್ಲ ಅಂತ ಓದಿಕೊಂಡು ಪೇಷೆಂಟ್‌ಗೆ ತಳ್ಳಿಬಿಡುತ್ತಾರೆ. ನಾನೂ ತಳ್ಳಿದ್ದೇನೆ, ಬೈಸಿಕೊಂಡೂ ಇದ್ದೇನೆ.

ಸುಮಾ_ಕೌಂಟರ್

ಪಟ್ಟಿ ತೆಗೆದೆ. ಗ್ಲೌಸ್, ಬ್ಲೇಡ್, ಗಾಜ್, ಸಿರಿಂಜ್ ಎಲ್ಲ ಸೇರಿ 400. ಮನೆಯಲ್ಲಿ ಬದಲಾಯಿಸಿಕೊಳ್ಳಲಿ ಅಂತ ಕೊಟ್ಟು ಕಳಿಸಿದ ಡ್ರೆಸ್ಸಿಂಗ್ ಕಿಟ್ 600. ಇವತ್ತು ಬೆಳಗ್ಗೆ ಕಂಪನಿಯ ಕ್ಲೇಮ್ ಡೆಸ್ಕ್‌ಗೆ ಫೋನ್ ಮಾಡಿ ಎರಡನ್ನೂ ಬೇರೆ ಬೇರೆ ಕೇಳಿದೆ. ನೀವು ಹೇಳಿದ್ದೇ ನಿಜ. 400 ಪ್ರೊಸೀಜರ್‌ನಲ್ಲಿ ಸೇರಿದೆಯಂತೆ. ಕಿಟ್ ಪಾಲಿಸಿಯಲ್ಲಿ ಬರುವುದಿಲ್ಲವಂತೆ. ಇಮೇಲ್‌ನಲ್ಲಿ ಬರೆದುಕೊಡಿ ಅಂದಿದ್ದೇನೆ.

ಹಳೇ_ರಿಜಿಸ್ಟರ್

ಬರೆಸಿಕೊಂಡದ್ದು ಒಳ್ಳೆಯದಾಯಿತು. ಫೋನ್ ಮಾತಿಗೆ ಆಮೇಲೆ ಸಾಕ್ಷಿ ಇರುವುದಿಲ್ಲ.

ಹಾಗಾದರೆ ಪೇಷೆಂಟ್ ಪಾಲು ಕಿಟ್‌ನ 600, ಕೋಪೇ 720, ಒಟ್ಟು 1,320. ಅಡ್ವಾನ್ಸ್ 500 ಕಳೆದರೆ 820. ನೀವು ಕೇಳಿದ್ದು 3,020. ಅವರು ರೇಗಿದ್ದರಲ್ಲಿ ತಪ್ಪೇನಿಲ್ಲ ಬಿಡಿ.

ವಿಶ್ವ_ಪೇಷೆಂಟ್

ನಾನು ಕೌಂಟರಿನ ಈಚೆ ಕಡೆಯವನು, ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನನಗೂ ಇದೇ ಥರ ಆಯಿತು. ಎಲ್ಲ ಮುಗಿದು ಎಷ್ಟೋ ದಿನದ ಮೇಲೆ ಒಂದು ಕ್ಲಿನಿಕ್‌ನಿಂದ ಫೋನ್, "ನಿಮ್ಮ ಬಾಕಿ ಇದೆ." ಯಾವುದಕ್ಕೆ ಅಂದರೆ "ಇನ್ಶೂರೆನ್ಸ್ ಕೊಟ್ಟಿಲ್ಲ." ಏನನ್ನು ಕೊಟ್ಟಿಲ್ಲ ಅಂದರೆ "ಸಿಸ್ಟಮ್‌ನಲ್ಲಿ ಬಾಕಿ ತೋರಿಸ್ತಿದೆ ಸರ್." ಅಷ್ಟೇ. ಜಗಳ ಬೇಡ ಅಂತ ಕಟ್ಟಿದೆ. ಕಟ್ಟಿದ್ದಕ್ಕೆ ರಸೀದಿ ಕೊಟ್ಟರು, ಅದರಲ್ಲಿ "ಬಾಕಿ ಪಾವತಿ" ಅಂತ ಒಂದೇ ಸಾಲು.

ನನ್ನ ಹೆಂಡತಿಯ ಆಫೀಸಿನ ಪಾಲಿಸಿಯಲ್ಲಿ ನಾನೂ ಇದ್ದೇನೆ. ಮೊದಲ ಪಾಲಿಸಿ ಕೊಡದೇ ಇದ್ದದ್ದನ್ನು ಅಲ್ಲಿ ಕೇಳೋಣ ಅಂತ ಹೋದರೆ ಈ ರಸೀದಿಯನ್ನು ಮೂಸಿಯೂ ನೋಡಲಿಲ್ಲ. ಯಾವ ಸಾಲು ಕಟ್ ಆಯಿತು, ಯಾಕೆ ಆಯಿತು, ಅದರಲ್ಲಿ ನೀವು ಎಷ್ಟು ಕಟ್ಟಿದಿರಿ, ಅದು ಬೇಕಂತೆ. ಕ್ಲಿನಿಕ್‌ಗೆ ವಾಪಸ್ ಹೋಗಿ ಕೇಳಿದರೆ ಸೆಟ್ಲ್‌ಮೆಂಟ್ ಲೆಟರ್ ನಮ್ಮ ಫೈಲಿಗೆ ಮಾತ್ರ ಅಂದರು. ಹಾಗಂತ ರೂಲ್ಸ್ ಇದೆಯಾ?

ಹಳೇ_ರಿಜಿಸ್ಟರ್

ವಿಶ್ವ ಅವರೇ, ಪಾಲಿಸಿ ನಿಮ್ಮದು, ನಿಮ್ಮ ಕ್ಲೇಮ್‌ನ ಲೆಟರ್ ನಿಮ್ಮ ಇನ್ಶೂರೆನ್ಸ್ ಕಂಪನಿಯಿಂದಲೇ ಕೇಳಿ ತರಿಸಿಕೊಳ್ಳಿ. ಕ್ಲಿನಿಕ್ ಮರ್ಜಿ ಕಾಯಬೇಕಿಲ್ಲ. ಆ ಲೆಟರ್ ಜೊತೆಗೆ ಮೂಲ ಬಿಲ್ಲು, ಸಾಲುವಾರು ರಸೀದಿ ಇದ್ದರೆ ಎರಡನೇ ಪಾಲಿಸಿಯವರು ನೋಡಲೇಬೇಕು. ಕೊಡುವುದು ಬಿಡುವುದು ಆ ಪಾಲಿಸಿಯ ಮೇಲೆ.

ಅವರು ಹೇಳಿದ್ದನ್ನು ಸುಮಾ ಅವರು ಗಮನಿಸಿ. ನಿಮ್ಮ ರಸೀದಿಯಲ್ಲಿ "ಡ್ರೆಸ್ಸಿಂಗ್ ಕಿಟ್ 600, ಕೋಪೇ 720, ಅಡ್ವಾನ್ಸ್ ಕಳೆದು 820" ಅಂತ ಬಿಡಿಸಿ ಬರೆಯಿರಿ.

ಲೆಕ್ಕದಯ್ಯ

ಇದೆಲ್ಲ ಸರಿ, ಆದರೆ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಪೇಷೆಂಟ್ ಸೈನ್ ಮಾಡಿಕೊಟ್ಟ ಕಾಗದ ಏನಾಯಿತು? ಅದರಲ್ಲಿ ಕಂಪನಿ ಕೊಡದ ಎಲ್ಲ ಮೊತ್ತ ಅಂತ ಇದೆ. ಎಲ್ಲ ಅಂದರೆ ಎಲ್ಲ.

ಹಳೇ_ರಿಜಿಸ್ಟರ್

ನೀವು ಕಂಪನಿ ಜೊತೆ ಸೈನ್ ಮಾಡಿದ ಕಾಗದವೂ ಇದೆಯಲ್ಲ ಸ್ವಾಮಿ. 5,000ಕ್ಕೆ ಮಾಡುತ್ತೇನೆ ಅಂತ ಅಲ್ಲಿ ಒಪ್ಪಿ, ಇಲ್ಲಿ ಪೇಷೆಂಟ್ ಹತ್ತಿರ ಇನ್ನೊಂದು ಸೈನ್ ಹಾಕಿಸಿಕೊಂಡು 6,000 ವಸೂಲಿ ಮಾಡಿದರೆ ಆ ಮೊದಲ ಒಪ್ಪಂದಕ್ಕೆ ಅರ್ಥ ಏನು? ಪೇಷೆಂಟ್ ಒಂದು ದೂರು ಕೊಟ್ಟರೆ ಸಾಕು, ಕಂಪನಿ ನಿಮ್ಮನ್ನೇ ಕೇಳುತ್ತೆ, ಪಟ್ಟಿಯಿಂದ ತೆಗೆದುಹಾಕಲೂಬಹುದು. ಪೇಷೆಂಟ್ ಸೈನ್ ಮಾಡಿದ ಕಾಗದ ಕಿಟ್ ಥರದ್ದಕ್ಕೆ, ಕೋಪೇಗೆ ಕೆಲಸಕ್ಕೆ ಬರುತ್ತೆ.

ಒಂದು ಮಾತು ಬಿಟ್ಟುಹೋಯಿತು. ಕ್ಲಿನಿಕ್ ಆ ಕಂಪನಿಯ ನೆಟ್‌ವರ್ಕ್‌ನಲ್ಲಿ ಇಲ್ಲದಿದ್ದರೆ ಕಥೆ ಬೇರೆ. ಒಪ್ಪಂದವೇ ಇಲ್ಲ, ಒಪ್ಪಿದ ರೇಟೂ ಇಲ್ಲ. ಪೇಷೆಂಟ್ ಪೂರ್ತಿ ಕಟ್ಟಿ ಆಮೇಲೆ ಕಂಪನಿ ಹತ್ತಿರ ವಾಪಸ್ ಕೇಳುತ್ತಾರೆ. ಕಂಪನಿ 5,000 ಮಾತ್ರ ಒಪ್ಪಿದರೆ ಉಳಿದ 1,000 ಪೇಷೆಂಟ್ ಜೇಬಿನದೇ, ಸ್ಥಳೀಯ ಕಾನೂನು ಬೇರೆ ಏನಾದರೂ ಹೇಳದಿದ್ದರೆ. ನೀವು ಅಂಥ ಬಿಲ್‌ಗಳನ್ನೇ ಜಾಸ್ತಿ ನೋಡಿದ್ದೀರಿ ಅನ್ನಿಸುತ್ತೆ.

ಲೆಕ್ಕದಯ್ಯ

ಹೌದು, ನನ್ನ ಹತ್ತಿರ ಬರುವುದೆಲ್ಲ ವಾಪಸ್ ಕೇಳುವ ಕೇಸುಗಳೇ. ಅಷ್ಟರ ಮಟ್ಟಿಗೆ ಒಪ್ಪಿದೆ.

ಸುಮಾ_ಕೌಂಟರ್

ಇನ್ನೊಂದು ಗೊಂದಲ. ಬ್ಯಾಂಕ್‌ಗೆ ಬಂದದ್ದು 6,480 ಅಲ್ಲ, 5,832. ಮೊನ್ನೆ ಸ್ಟೇಟ್‌ಮೆಂಟ್ ತಾಳೆ ನೋಡುವಾಗ ಸಿಕ್ಕಿತು. 648 ಕಡಿಮೆ. ಇದನ್ನೂ ಡಿಸ್‌ಅಲೌ ಅಂತಲೇ ಹಿಡಿಯಬೇಕಾ? ಲೆಟರ್‌ನಲ್ಲಿ 6,480 ಅಂತಲೇ ಇದೆ.

ಲೆಕ್ಕದಯ್ಯ

ಇದು ನನ್ನ ಏರಿಯಾ 🙂 648 ಅಂದರೆ 6,480ರ ಸರಿಯಾಗಿ 10 ಪರ್ಸೆಂಟ್. ಮೂಲದಲ್ಲೇ ತೆರಿಗೆ ಹಿಡಿದು ಉಳಿದದ್ದನ್ನು ಕಳಿಸಿದ್ದಾರೆ. ಅಂಥ ನಿಯಮ ಇರುವ ಕಡೆ ಇದು ಮಾಮೂಲು. ಆ ದುಡ್ಡು ಕ್ಲಿನಿಕ್ ಹೆಸರಿನಲ್ಲಿ ತೆರಿಗೆ ಇಲಾಖೆಗೆ ಕಟ್ಟಿರುತ್ತಾರೆ. ಕ್ಲಿನಿಕ್ ತನ್ನ ತೆರಿಗೆ ಲೆಕ್ಕದಲ್ಲಿ ಅದನ್ನು ಹಿಡಿದುಕೊಳ್ಳುತ್ತೆ. ಸರ್ಟಿಫಿಕೇಟ್ ಕೇಳಿ ಇಟ್ಟುಕೊಳ್ಳಿ. ಪೇಷೆಂಟ್‌ಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಬ್ಯಾಂಕ್‌ಗೆ ಎಷ್ಟು ಬಂತು ಅಂತ ನೋಡಿ ಬಿಲ್‌ನಿಂದ ಕಳೆದು ಉಳಿದದ್ದನ್ನು ಪೇಷೆಂಟ್‌ಗೆ ಹಾಕುವವರೂ ಇದ್ದಾರೆ. ಅವರ ತೆರಿಗೆಯನ್ನು ಪೇಷೆಂಟ್ ಕಟ್ಟಿದ ಹಾಗಾಯಿತು!

ಈಗ ಪೂರ್ತಿ ಎಂಟ್ರಿ ಬರೆಯುತ್ತೇನೆ, ಮೊದಲು ಬರೆದದ್ದನ್ನು ಮರೆತುಬಿಡಿ. ಮೊದಲು ಆ 3,520ರ ಹೊಸ ಬಿಲ್ ರದ್ದು ಮಾಡಿ. ಇನ್ಶೂರೆನ್ಸ್ ಅಕೌಂಟ್‌ನಲ್ಲಿ ಡೆಬಿಟ್ 10,000 ಇದೆ. ಅದಕ್ಕೆ ಕ್ರೆಡಿಟ್ ಆಗಬೇಕಾದದ್ದು ಬ್ಯಾಂಕ್‌ನಿಂದ 5,832, ಹಿಡಿದ ತೆರಿಗೆಯಿಂದ 648, ಟಾರಿಫ್ ರಿಯಾಯಿತಿ ಅಂತ ಒಂದು ಖಾತೆ ಮಾಡಿ ಅದರಿಂದ 1,400 (ಪ್ರೊಸೀಜರ್‌ನ 1,000, ಸಾಮಾನಿನ 400), ಪೇಷೆಂಟ್‌ಗೆ ವರ್ಗಾಯಿಸಿದ್ದು 1,320. ಉಳಿಯುವುದು 800, ಲ್ಯಾಬ್‌ದು. ಪೇಷೆಂಟ್ ಅಕೌಂಟ್‌ನಲ್ಲಿ ಡೆಬಿಟ್ 1,320, ಅಡ್ವಾನ್ಸ್ ಕ್ರೆಡಿಟ್ 500, ಬಾಕಿ 820. ಆದಾಯ 10,000ದಲ್ಲಿ ರಿಯಾಯಿತಿ 1,400 ಹೋಗಿ 8,600. ಎಲ್ಲ ತಾಳೆ ಆಗುತ್ತೆ ನೋಡಿ.

ಆ 1,400ನ್ನು ವಸೂಲಾಗದ ಸಾಲ ಅಂತ ಹಾಕಬೇಡಿ. ಸಾಲ ಅನ್ನಬೇಕಾದರೆ ಯಾರಾದರೂ ಕೊಡಬೇಕಿತ್ತು ಅಂತ ಇರಬೇಕು. ಇದನ್ನು ಯಾರೂ ಕೊಡಬೇಕಿರಲೇ ಇಲ್ಲ.

ಮೂರನೇ_ಪಾಳಿ

ಚೆನ್ನಾಗಿದೆ. ಒಂದೇ ಒಂದು ಸೇರಿಸುತ್ತೇನೆ. 800 ಆಮೇಲೆ ಪಾಸಾದರೆ ಪೂರ್ತಿ 800 ಬರುವುದಿಲ್ಲ, ಅದಕ್ಕೂ ಕೋಪೇ ಇದೆ. ಕಂಪನಿ 720 ಕೊಡುತ್ತೆ, 80 ಪೇಷೆಂಟ್‌ಗೆ ಬರುತ್ತೆ. ಈಗಲೇ 820 ತಗೊಂಡು "ಎಲ್ಲ ಮುಗೀತು" ಅಂತ ಹೇಳಿ, ಮತ್ತೆ 80ಕ್ಕೆ ಫೋನ್ ಮಾಡಿದರೆ ಆ ಮನುಷ್ಯ ನಿಮ್ಮ ಕ್ಲಿನಿಕ್ ಕಡೆ ತಲೆ ಹಾಕಿ ಮಲಗುವುದಿಲ್ಲ. ಮುಂಚೆಯೇ ಹೇಳಿಡಿ.

ದೀಪಾ_ಮ್ಯಾನೇಜರ್

ನಮ್ಮ ಕ್ಲಿನಿಕ್‌ನಲ್ಲಿ ಆ 1,000ದ ರಗಳೆಯೇ ಬರದ ಹಾಗೆ ಮಾಡಿದ್ದೇವೆ. ಸಾಫ್ಟ್‌ವೇರ್‌ನಲ್ಲಿ ಕಂಪನಿಗೊಂದು ರೇಟ್ ಪಟ್ಟಿ. ಪೇಷೆಂಟ್‌ನ ಕಾರ್ಡ್ ಎಂಟ್ರಿ ಮಾಡಿದ ಕೂಡಲೇ ಬಿಲ್‌ನಲ್ಲಿ 5,000 ಬರುತ್ತೆ. ಗ್ಲೌಸ್, ಗಾಜ್ ಬೇರೆ ಸಾಲಾಗಿ ಬರುವುದೇ ಇಲ್ಲ, ಕಿಟ್ ಥರದ್ದು ಶುರುವಿನಿಂದಲೇ ಪೇಷೆಂಟ್ ಬಿಲ್‌ಗೆ ಹೋಗುತ್ತೆ. ಕಿಟ್ ಕೈಗೆ ಕೊಡುವ ಮುಂಚೆ "ಇದು ನಿಮ್ಮ ಪಾಲಿಸಿಯಲ್ಲಿ ಬರಲ್ಲ, 600 ಆಗುತ್ತೆ, ಬೇಕಾ" ಅಂತ ಕೇಳುತ್ತೇವೆ. ಕೆಲವರು ಬೇಡ ಅಂತಾರೆ. ಅದು ಅವರ ಇಷ್ಟ.

ಲೆಕ್ಕದಯ್ಯ

ಕಿಟ್ ವಿಷಯ ಒಪ್ಪುತ್ತೇನೆ. ಆದರೆ ರೇಟನ್ನು ನೇರವಾಗಿ 5,000 ಅಂತ ಹಾಕಿದರೆ ಯಾವ ಕಂಪನಿಗೆ ಎಷ್ಟು ಬಿಟ್ಟುಕೊಡುತ್ತಿದ್ದೇವೆ ಅಂತ ವರ್ಷದ ಕೊನೆಗೆ ಗೊತ್ತೇ ಆಗುವುದಿಲ್ಲ. 6,000 ಹಾಕಿ 1,000 ರಿಯಾಯಿತಿ ತೋರಿಸಿದರೆ ಮುಂದಿನ ಸಲ ಟಾರಿಫ್ ಮಾತಾಡುವಾಗ ಕೈಯಲ್ಲಿ ಅಂಕಿ ಇರುತ್ತೆ. ಕೆಲಸ ಜಾಸ್ತಿ, ನಿಜ.

ದೀಪಾ_ಮ್ಯಾನೇಜರ್

ನಮ್ಮ ಕೌಂಟರ್‌ನಲ್ಲಿ ಇರುವುದು ಒಬ್ಬಳೇ ಹುಡುಗಿ ಸರ್. ಅವಳು ತಪ್ಪಿ ಆ 1,000ವನ್ನು ಪೇಷೆಂಟ್‌ಗೆ ಹಾಕುವುದಕ್ಕಿಂತ ನನಗೆ ಆ ಅಂಕಿ ಇಲ್ಲದಿದ್ದರೂ ಪರವಾಗಿಲ್ಲ.

ವಿಶ್ವ_ಪೇಷೆಂಟ್

ಒಂದು ಕೇಳಲಾ? ಆ 800. ರಿಪೋರ್ಟ್ ಇಡಲು ಮರೆತದ್ದು ಕ್ಲಿನಿಕ್. ಮತ್ತೆ ಕಳಿಸಿಯೂ ಕಂಪನಿ ಕೊಡದಿದ್ದರೆ ಅದು ಯಾರ ತಲೆಗೆ?

ಹಳೇ_ರಿಜಿಸ್ಟರ್

ನನ್ನ ಮಟ್ಟಿಗೆ ಕ್ಲಿನಿಕ್ ತಲೆಗೆ. ಪೇಷೆಂಟ್ ಮಾಡಬೇಕಾದದ್ದೆಲ್ಲ ಮಾಡಿದ್ದಾರೆ. ತಡ ಆಗಿ ಕಳಿಸಿದ್ದಕ್ಕೆ ಕಂಪನಿ ತಳ್ಳಿಹಾಕಿದರೂ ಅಷ್ಟೇ.

ಮೂರನೇ_ಪಾಳಿ

ತಡದ್ದಕ್ಕೆ ನಮ್ಮಲ್ಲಿ CO-29. ಶುರುವಿನಲ್ಲೇ CO ಇದೆಯಲ್ಲ, ಪೇಷೆಂಟ್‌ಗೆ ಕಳಿಸುವ ಹಾಗಿಲ್ಲ.

ಲೆಕ್ಕದಯ್ಯ

ರಿಪೋರ್ಟ್ ಇಟ್ಟು, ಸಮಯದೊಳಗೇ ಕಳಿಸಿ, ಆಮೇಲೆ ಕಂಪನಿ "ಈ ಟೆಸ್ಟ್ ಬೇಕಿರಲೇ ಇಲ್ಲ" ಅಂದರೆ? ಆಗ ಕಾಗದದ ತಪ್ಪಲ್ಲ. ಡಾಕ್ಟರು ಬೇಕು ಅಂದರು, ಪೇಷೆಂಟ್ ಒಪ್ಪಿದರು, ಟೆಸ್ಟ್ ಆಯಿತು. ಇದನ್ನೂ ಕ್ಲಿನಿಕ್ ನುಂಗಬೇಕಾ?

ಹಳೇ_ರಿಜಿಸ್ಟರ್

ಅದು ಕಷ್ಟದ ಪ್ರಶ್ನೆ. ಕೆಲವು ಒಪ್ಪಂದದಲ್ಲಿ ಕ್ಲಿನಿಕ್ ಬಿಡಬೇಕು ಅಂತ ಇರುತ್ತೆ. ಕೆಲವದರಲ್ಲಿ, ಟೆಸ್ಟ್‌ಗೆ ಮುಂಚೆಯೇ ಇದು ಪಾಸಾಗದೇ ಇರಬಹುದು ಅಂತ ಹೇಳಿ ಪೇಷೆಂಟ್ ಸೈನ್ ತಗೊಂಡಿದ್ದರೆ ಕೇಳಬಹುದು ಅಂತ ಇರುತ್ತೆ. ಎರಡನ್ನೂ ನೋಡಿದ್ದೇನೆ. ಒಂದು ಕ್ಲೇಮ್‌ನಲ್ಲಿ ಡಾಕ್ಟರ ಕೈಲಿ ಎರಡು ಸಾಲು ಬರೆಸಿ ಕಳಿಸಿದೆ, ಯಾವ ಲಕ್ಷಣಕ್ಕೆ ಯಾವ ಟೆಸ್ಟ್ ಅಂತ. ಪಾಸಾಯಿತು. ಇನ್ನೊಂದರಲ್ಲಿ ಅದೇ ಥರ ಬರೆಸಿದರೂ ಆಗಲಿಲ್ಲ.

ಸುಮಾ_ಕೌಂಟರ್

ಎಲ್ಲರಿಗೂ ಥ್ಯಾಂಕ್ಸ್. ಆಗಿದ್ದು ಹೇಳುತ್ತೇನೆ.

ಹೊಸ ಬಿಲ್ ರದ್ದು ಮಾಡಿದೆ, ಲೆಕ್ಕದಯ್ಯ ಸರ್ ಹೇಳಿದ ಹಾಗೆ ಎಂಟ್ರಿ ಹಾಕಿದೆ, ಇನ್ಶೂರೆನ್ಸ್ ಅಕೌಂಟ್‌ನಲ್ಲಿ 800 ಮಾತ್ರ ಉಳಿದಿದೆ. ಲ್ಯಾಬ್ ರಿಪೋರ್ಟ್ ಹುಡುಕಿದರೆ ನಮ್ಮದೇ ಫೋಲ್ಡರ್‌ನಲ್ಲಿ ಇತ್ತು, ಸ್ಕ್ಯಾನ್ ಮಾಡುವಾಗ ಅದರ ಹಿಂದಿನ ಪೇಷೆಂಟ್ ಫೈಲ್‌ಗೆ ಅಂಟಿಕೊಂಡು ಹೋಗಿದೆ. ಡಾಕ್ಟರ ಎರಡು ಸಾಲಿನ ಜೊತೆ ಕಳಿಸಿದೆ.

ಪೇಷೆಂಟ್‌ಗೆ ಫೋನ್ ಮಾಡಿ ಮೊದಲು ಸಾರಿ ಕೇಳಿದೆ. ಕಿಟ್ 600, ಕೋಪೇ 720, ನಿಮ್ಮ 500 ಹೋಗಿ 820, ಲ್ಯಾಬ್ ಪಾಸಾದರೆ ಇನ್ನೂ 80 ಬರಬಹುದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಿಟ್‌ಗೆ ದುಡ್ಡು ಅಂತ ಅವತ್ತೇ ಹೇಳಿದ್ದರೆ ನಾನು ತಗೊಳ್ತಾನೇ ಇರಲಿಲ್ಲವಲ್ಲಮ್ಮ, ಅರ್ಧ ಹಾಗೇ ಉಳಿದಿದೆ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಯಾರೂ ಹೇಳಿರಲಿಲ್ಲ, ಅದು ನಿಜ. ಕಿಟ್ ದುಡ್ಡು ಬಿಡಬೇಕಾ ಅಂತ ಡಾಕ್ಟರನ್ನು ಕೇಳಿದ್ದೇನೆ, ಇನ್ನೂ ಹೇಳಿಲ್ಲ.

ಲೆಕ್ಕದಯ್ಯ

ಬಿಟ್ಟರೆ ಅದನ್ನು ಟಾರಿಫ್ ರಿಯಾಯಿತಿಗೆ ಸೇರಿಸಬೇಡಿ, ಪೇಷೆಂಟ್‌ಗೆ ಕೊಟ್ಟ ರಿಯಾಯಿತಿ ಅಂತ ಬೇರೆ ಹಾಕಿ. ಕೋಪೇ ಮಾತ್ರ ಬಿಡಬೇಡಿ, ಅದನ್ನು ಬಿಟ್ಟರೆ ಕಂಪನಿಯವರು ತಕರಾರು ತೆಗೆಯುತ್ತಾರೆ.

ಸುಮಾ_ಕೌಂಟರ್

ಸರಿ ಸರ್. 800ರದ್ದು ಏನಾಯಿತು ಅಂತ ಬಂದ ಮೇಲೆ ಇಲ್ಲೇ ಹಾಕುತ್ತೇನೆ.